ಕಿರುಬೆರಳ ಕೆಳಗಿನ ಎರಡು ಗೆರೆ

ನಮ್ಮ ಪಥೇನ್ ಊರಿನ ಕೊಡೆಯವರ ಓಣಿಯಲ್ಲಿ ಬಾ ಸೇನ್‌ನಷ್ಟು ಮೆತ್ತಗಿನ ಗಂಡಸು ಇನ್ನೊಬ್ಬನಿರಲಿಲ್ಲ. ಬಿದಿರ ಕಡ್ಡಿ ಸೀಳಿ, ಬಟ್ಟೆ ಬಿಗಿದು, ಅದು ನೆನೆಯದಂತೆ ಕಾಡುಕಾಯಿಯೊಂದರ ಅಂಟು ಬಳಿದು ಕೊಡೆ ಮಾಡುತ್ತಿದ್ದ. ಅವನ ಹೆಂಡತಿ ಮ್ಯಾ ಯೀ ಆ ಕೊಡೆಗಳ ಮೇಲೆ ಹೂ ಬಿಡಿಸುತ್ತಿದ್ದಳು. ಅವಳು ಬಾಯಿ ಬಿಟ್ಟರೆ ಓಣಿಯ ಆ ತುದಿಗೆ ಕೇಳಿಸುತ್ತಿತ್ತು. ಅವನು ಬಾಯಿ ಬಿಟ್ಟದ್ದು ಪಕ್ಕದಲ್ಲಿ ಕೂತವರಿಗೂ ಕೇಳಿಸುತ್ತಿರಲಿಲ್ಲ. ನನ್ನ ಹೆಸರು ಒನ್, ನನ್ನ ಮೊಹಿಂಗಾ ಅಂಗಡಿ, ಅಂದರೆ ಮೀನಿನ ಸಾರಿನ ಶಾವಿಗೆ ಅಂಗಡಿ, ಅವರ ಮನೆಗೆ ಎದುರೇ. ಬೆಳಿಗ್ಗೆ ಮೀನಿನ ಸಾರು ಕುದಿಯುವ ಹೊತ್ತಿಗೆ ಗಂಡಹೆಂಡತಿ ಇಬ್ಬರೂ ಬಂದು ಬೆಂಚಿನ ಮೇಲೆ ಕೂರುವರು. ಅವನು ತನ್ನ ಬಟ್ಟಲಿನ ಬಾಳೆದಿಂಡಿನ ಚೂರುಗಳನ್ನು ಹೆಕ್ಕಿ ಅವಳ ಬಟ್ಟಲಿಗೆ ಹಾಕುವನು. ಅವಳಿಗೆ ದಿಂಡೆಂದರೆ ಪ್ರಾಣ.

ಮದುವೆಯಾಗಿ ಎಷ್ಟೋ ವರ್ಷವಾಗಿದ್ದರೂ ಅವರಿಗೆ ಮಕ್ಕಳಾಗಿರಲಿಲ್ಲ. ಅದನ್ನು ಕುರಿತು ಅವರು ಹೆಚ್ಚು ಮಾತಾಡಿದ್ದನ್ನೂ ನಾನು ಕಂಡಿಲ್ಲ. ನನ್ನ ಐದು ಮಕ್ಕಳು ಅವರ ಮನೆಯಲ್ಲೇ ಬಣ್ಣ ಮೆತ್ತಿಕೊಂಡು ಬೆಳೆದವು. ಸಂಜೆ ಅವುಗಳನ್ನು ಹುಡುಕಿಕೊಂಡು ಹೋದರೆ ಮ್ಯಾ ಯೀ, "ಒನ್ ಅಕ್ಕ, ಇವು ನಿನ್ನವಾ? ನಾನು ಯಾರೋ ಬಿಟ್ಟು ಹೋದ್ರು ಅಂದ್ಕೊಂಡಿದ್ದೆ!" ಎಂದು ನಗುವಳು.

ಆ ವರ್ಷ ಮಳೆ ಹಿಡಿಯುವ ಮುಂಚೆ ಊರಿಗೆ ಒಬ್ಬ ಕೈ ನೋಡುವವನು ಬಂದ. ಬಿಳಿ ಅಂಗಿ, ಬಂಗಾರದ ಹಲ್ಲು, ಕೊರಳಲ್ಲಿ ನೇತಾಡುವ ಕನ್ನಡಕ. ದೋಣಿಕಟ್ಟೆಯ ಚಹಾದಂಗಡಿಯಲ್ಲಿ ಮೂಲೆಯ ಮೇಜು ಹಿಡಿದು ಕೂರುತ್ತಿದ್ದ. ಅವನು ಹೇಳಿದ್ದು ಹೇಳಿದಂತೆ ಆಗುತ್ತದೆ ಎಂದು ಸುದ್ದಿ ಹರಡಿತು. ಮ್ಯಾ ಯೀ ಬಣ್ಣದ ಪುಡಿ ತರಲು ಆ ಕಡೆ ಹೋದಾಗ ತಮಾಷೆಗೆ ಗಂಡನನ್ನೂ ಎಳೆದುಕೊಂಡು ಅವನ ಮುಂದೆ ಕೂತಳು. ಕೈ ನೋಡುವವನು ಅವಳ ಎಡಗೈ ಹಿಡಿದು ಬೆರಳುಗಳನ್ನು ಒಳಕ್ಕೆ ಮಡಚಿಸಿ, ಕಿರುಬೆರಳ ಕೆಳಗಿನ ಅಂಚನ್ನು ದೀಪಕ್ಕೆ ತಿರುಗಿಸಿ ನೋಡಿದನಂತೆ. ಅಲ್ಲಿ ಅಡ್ಡಕ್ಕೆ ಎರಡು ಗೆರೆ. ಪಕ್ಕದಲ್ಲಿ ನೆಟ್ಟಗೆ ನಿಂತ ನಾಲ್ಕು ಸಣ್ಣ ಗೆರೆ.

ಅಷ್ಟರಲ್ಲಿ ಯಾರೋ ಪರಿಚಯದವಳು ಕರೆದಳೆಂದು ಮ್ಯಾ ಯೀ ಎದ್ದು ಹೊರಗೆ ಹೋದಳು. ಕೈ ನೋಡುವವನು ಬಾ ಸೇನ್‌ನ ಕೈಯನ್ನು ಎಳೆದು ನೋಡಿದ. ಅಲ್ಲಿ ಏನೂ ಇಲ್ಲ. ಅವನು ದನಿ ತಗ್ಗಿಸಿ ಹೇಳಿದನಂತೆ:

"ನೋಡಪ್ಪ, ನಿನ್ನ ಹೆಂಡ್ತಿ ಕೈಲಿ ಎರಡು ಮದುವೆ ಇದೆ. ನಾಲ್ಕು ಮಕ್ಕಳಿದಾವೆ. ನಿನ್ನ ಕೈಲಿ ಒಂದೂ ಇಲ್ಲ. ಇನ್ನು ನೀನೇ ಲೆಕ್ಕ ಹಾಕ್ಕೋ."

ಬಾ ಸೇನ್ ಇದನ್ನು ಯಾರಿಗೂ ಹೇಳಲಿಲ್ಲ. ಮ್ಯಾ ಯೀ ಹಿಂತಿರುಗಿ ಬಂದು, "ಏನಂದ್ರು?" ಎಂದು ಕೇಳಿದರೆ, "ಆಯಸ್ಸು ಗಟ್ಟಿ ಅಂದ್ರು" ಎಂದನಂತೆ. ಅವಳು ಅಲ್ಲಿಗೆ ಮರೆತಳು. ಅವನು ಮರೆಯಲಿಲ್ಲ. ದಿನದಿನಕ್ಕೆ ಸೊರಗಿದ. ಬೆಂಚಿನ ಮೇಲೆ ಕೂತು ಬಟ್ಟಲನ್ನು ಹಾಗೇ ನೋಡುತ್ತಿದ್ದ. "ಸಾರು ಕೆಟ್ಟಿದೆಯೇನೋ ತಮ್ಮಾ?" ಎಂದು ನಾನು ಕೇಳಿದರೆ, "ಚೆನ್ನಾಗಿದೆ ಅಕ್ಕ" ಎಂದು ಎರಡು ತುತ್ತು ನುಂಗುವನು. ಮ್ಯಾ ಯೀ ನನ್ನ ಹತ್ತಿರ ಬಂದು ಪಿಸುಗುಟ್ಟಿದಳು, "ಹೊಟ್ಟೇಲಿ ಹುಳ ಇರಬೇಕು ಅಕ್ಕ. ಕಹಿ ಕಷಾಯ ಮಾಡಿ ಕುಡಿಸಿದೀನಿ. ಅದನ್ನೂ ಸುಮ್ನೆ ಕುಡಿತಾರೆ. ಬೈಯೋದೇ ಇಲ್ಲ. ಅದೇ ನನಗೆ ಭಯ."

ಆ ದಿನಗಳಲ್ಲಿ ಬಾ ಸೇನ್ ಮನಸ್ಸಿನಲ್ಲೇ ಒಂದು ತೀರ್ಮಾನಕ್ಕೆ ಬಂದಿದ್ದ. ಹೆಂಡತಿಯ ಹಣೆಯಲ್ಲಿ ನಾಲ್ಕು ಮಕ್ಕಳಿವೆ, ಅವು ಎರಡನೆಯ ಗಂಡನಿಂದ ಬರಬೇಕು. ತಾನು ಮನೆಯಲ್ಲಿ ಕೂತಿರುವಷ್ಟು ದಿನ ಆ ನಾಲ್ಕು ಜೀವಗಳಿಗೆ ದಾರಿ ಅಡ್ಡ. ತಾನು ಸಾಯುವುದು ಪಾಪ, ಜಗಳವಾಡಿ ಬಿಡುವುದು ತನ್ನಿಂದಾಗದು. ಆದರೆ ಕಾವಿ ಉಟ್ಟು ಮಠ ಸೇರಿದರೆ ಯಾರಿಗೂ ನೋವಿಲ್ಲ, ಅವಳಿಗೆ ಬಿಡುಗಡೆ. ಮಳೆಗಾಲದ ವ್ರತ ಹಿಡಿಯುವ ಹುಣ್ಣಿಮೆ ಹತ್ತಿರವಾಗುತ್ತಿತ್ತು. ಒಂದು ಮಧ್ಯಾಹ್ನ ತೊಳೆದ ಲುಂಗಿ ಉಟ್ಟು, ಊರಾಚೆಯ ಮಠದ ಹಿರಿಯ ಭಿಕ್ಷುಗಳ ಮುಂದೆ ಹೋಗಿ ಅಡ್ಡಬಿದ್ದ.

ಹಿರಿಯರು ಅವನ ಬೇಡಿಕೆ ಕೇಳಿಸಿಕೊಂಡರು. ಏಕೆ ಎಂದು ಕೇಳಲಿಲ್ಲ. ಒಂದೇ ಪ್ರಶ್ನೆ ಹಾಕಿದರು.

"ಹೆಂಡ್ತಿ ಒಪ್ಪಿದಾಳೇನಪ್ಪ?"

"ಅವಳಿಗೆ ಇನ್ನೂ ಹೇಳಿಲ್ಲ ಭಂತೇ."

"ಹೆಂಡ್ತಿ ಒಪ್ಪದೆ ಗಂಡನಿಗೆ ಕಾವಿ ಕೊಡೋ ಹಾಗಿಲ್ಲ. ಕರ್ಕೊಂಡು ಬಾ. ನನ್ನೆದುರಿಗೆ ಅವಳ ಬಾಯಿಂದ ಹೂಂ ಅನ್ನಿಸು. ಆಮೇಲೆ ನೋಡೋಣ."

ಹೀಗಾಗಿ ಬಾ ಸೇನ್ ಮನೆಗೆ ಬಂದು ಹೇಳಲೇಬೇಕಾಯಿತು. ನಾನು ಅಂಗಡಿಯಲ್ಲಿ ಕೊತ್ತಂಬರಿ ಹೆಚ್ಚುತ್ತಿದ್ದೆ. ಅವರ ಮನೆಯಿಂದ ಬಣ್ಣದ ಬಟ್ಟಲು ನೆಲಕ್ಕೆ ಬಿದ್ದ ಸದ್ದು ಬಂತು. ಆಮೇಲೆ ಮ್ಯಾ ಯೀಯ ಗಂಟಲು.

"ಅಕ್ಕಾ! ಒನ್ ಅಕ್ಕಾ! ಬಾ ಇಲ್ಲಿ! ಕೇಳು ಬಾ! ಚಹಾದಂಗಡೀಲಿ ಯಾವನೋ ನನ್ನ ಕೈಲಿ ಇನ್ನೊಬ್ಬ ಗಂಡನ್ನ ಕಂಡನಂತೆ! ಅದಕ್ಕೆ ಈ ಮಹಾನುಭಾವರು ತಲೆ ಬೋಳಿಸ್ಕೊಂತಾರಂತೆ! ನನಗೆ ಜಾಗ ಖಾಲಿ ಮಾಡಿಕೊಡ್ತಾರಂತೆ!"

ನಾನು ಒದ್ದೆ ಕೈಯಲ್ಲೇ ಓಡಿದೆ. ಅವಳು ನಿಂತಿದ್ದಳು, ಕೆನ್ನೆಯ ಮೇಲಿನ ಗಂಧದ ಲೇಪ ಕಣ್ಣೀರಿಗೆ ಕಲಸಿಹೋಗಿತ್ತು. ಅವನು ಬಿದಿರ ಕಡ್ಡಿಗಳ ನಡುವೆ ತಲೆ ತಗ್ಗಿಸಿ ಕೂತಿದ್ದ.

"ನಿನಗೆ ನಾಲ್ಕು ಮಕ್ಕಳಿದಾವೆ ಮ್ಯಾ ಯೀ," ಎಂದ, ನೆಲ ನೋಡುತ್ತಾ. "ನಾನಿದ್ರೆ ಅವು ಬರಲ್ಲ."

"ಆ ನಾಲ್ಕನ್ನ ಯಾರು ಕೇಳಿದ್ರು? ನಾನು ಕೇಳಿದ್ನಾ? ನಿಮ್ಮ ಹತ್ರ ಯಾವತ್ತಾದ್ರೂ ಬಂದು ಮಕ್ಕಳು ಕೊಡಿ ಅಂತ ಅತ್ತಿದೀನಾ?"

"ಅತ್ತಿಲ್ಲ. ಆದ್ರೆ ಒನ್ ಅಕ್ಕನ ಮಕ್ಕಳಿಗೆ ತಲೆ ಬಾಚ್ತೀಯಲ್ಲ, ಆವಾಗ ನಾನು ನೋಡ್ತೀನಿ."

ಅವಳು ಅಲ್ಲೇ ಕೂತುಬಿಟ್ಟಳು. ತನ್ನ ಎಡಗೈಯ ಅಂಚನ್ನು ಬೆರಳಿಂದ ಉಜ್ಜತೊಡಗಿದಳು, ಅಲ್ಲಿ ಬಣ್ಣ ಅಂಟಿದೆಯೇನೋ, ಉಜ್ಜಿದರೆ ಹೋದೀತೇನೋ ಎನ್ನುವ ಹಾಗೆ. ನನಗೆ ಆಗ ಗೊತ್ತಾಯಿತು, ಅವಳಿಗೂ ಭಯ ಹತ್ತಿದೆ ಎಂದು. ಗೆರೆ ಇರುವುದಂತೂ ನಿಜ ತಾನೇ? ಇಲ್ಲವೆಂದು ಹೇಗೆ ಹೇಳುವುದು?

"ಬೈದು ಪ್ರಯೋಜನ ಇಲ್ಲ," ಎಂದೆ. "ಕೈ ವಿಷಯ ಕೈ ಬಲ್ಲವರ ಹತ್ರಾನೇ ಇತ್ಯರ್ಥ ಆಗ್ಬೇಕು. ಡೋ ಪ್ವಾ ಶಿನ್ ಹತ್ರ ಹೋಗೋಣ."

ಡೋ ಪ್ವಾ ಶಿನ್ ಪಗೋಡದ ಮೆಟ್ಟಿಲ ಮಗ್ಗುಲಲ್ಲಿ ಇದ್ದ ಮುದುಕಿ. ಊರಿನವರು ಸಯಾಮಾ ಎನ್ನುತ್ತಿದ್ದರು, ಗುರುವಮ್ಮ ಎಂದ ಹಾಗೆ. ಮದುವೆಯ ಮಾತುಕತೆ ನಡೆಯುವಾಗ ಹುಡುಗಿ ಕಡೆಯವರು, ಹುಡುಗನ ಕಡೆಯವರು ಇಬ್ಬರೂ ಗುಟ್ಟಾಗಿ ಅವಳ ಬಳಿಗೇ ಹೋಗುತ್ತಿದ್ದರು. ಬಾಯಲ್ಲಿ ಸದಾ ದಪ್ಪ ಚುಟ್ಟಾ. ಸಂಜೆಯ ಮೇಲೆ ಕೈ ಮುಟ್ಟುತ್ತಿರಲಿಲ್ಲ. "ದೀಪದ ಬೆಳಕು ಗೆರೆ ಹುಟ್ಟಿಸುತ್ತೆ" ಎನ್ನುತ್ತಿದ್ದಳು. ಹಾಗಾಗಿ ಮರುದಿನ ಬೆಳಿಗ್ಗೆ ಅಂಗಡಿಯನ್ನು ದೊಡ್ಡ ಮಗಳಿಗೆ ಒಪ್ಪಿಸಿ ಮೂವರೂ ಹೊರಟೆವು. ದಾರಿಯುದ್ದಕ್ಕೂ ಗಂಡಹೆಂಡತಿ ನನ್ನ ಎಡಕ್ಕೊಬ್ಬರು ಬಲಕ್ಕೊಬ್ಬರು ನಡೆದರು. ಒಬ್ಬರನ್ನೊಬ್ಬರು ನೋಡಲಿಲ್ಲ.

ಸಯಾಮಾ ವಿಷಯ ಕೇಳುವುದಕ್ಕೆ ಮೊದಲೇ ಇಬ್ಬರಿಗೂ ಬಿಸಿನೀರು, ಸೋಪು ಕೊಟ್ಟಳು. "ಬಣ್ಣ, ಅಂಟು ಎಲ್ಲ ಹೋಗ್ಲಿ. ಗಂಡಸಿನ ಕೈ ಚೆನ್ನಾಗಿ ನೆನೀಲಿ." ಆಮೇಲೆ ಹೊಸ್ತಿಲ ಹತ್ತಿರ ಚಾಪೆ ಹಾಸಿ, ಬಿಸಿಲು ಪಕ್ಕದಿಂದ ಬೀಳುವ ಹಾಗೆ ಮ್ಯಾ ಯೀಯನ್ನು ಕೂರಿಸಿದಳು. ಕೈಗೆ ಮಕ್ಕಳ ಪೌಡರು ಸವರಿ ಒರೆಸಿದಳು. ಪುಡಿ ಗೆರೆಗಳ ಒಳಗೆ ಉಳಿದು ಅವು ಬೆಳ್ಳಗೆ ಎದ್ದು ಕಂಡವು. ನಾನು ಚಹಾದಂಗಡಿಯ ಕಥೆಯನ್ನೆಲ್ಲ ಹೇಳಿದೆ.

"ಅವನು ಬೆರಳು ಮಡಚಿಸಿ ನೋಡಿದ್ನಾ, ಬಿಡಿಸಿ ನೋಡಿದ್ನಾ?" ಎಂದು ಸಯಾಮಾ ಕೇಳಿದಳು.

"ಮಡಚಿಸಿ," ಎಂದ ಬಾ ಸೇನ್.

"ಮಡಚಿದ್ರೆ ಚರ್ಮ ಸುಕ್ಕಾಗುತ್ತೆ. ಸುಕ್ಕೂ ಗೆರೆ ಥರಾನೇ ಕಾಣುತ್ತೆ. ಮಡಚಿ ನೋಡ್ಬೇಕು, ಆಮೇಲೆ ಬಿಡಿಸಿ ನೋಡ್ಬೇಕು. ಬಿಡಿಸಿದ ಮೇಲೂ ಉಳಿಯೋದೇ ಗೆರೆ." ಮ್ಯಾ ಯೀಯ ಬೆರಳುಗಳನ್ನು ನೆಟ್ಟಗೆ ಚಾಚಿಸಿದಳು. ನಾವೆಲ್ಲ ಬಗ್ಗಿ ನೋಡಿದೆವು. ಎರಡು ಗೆರೆಯೂ ಹಾಗೇ ಇದ್ದವು. ಬಾ ಸೇನ್ ನಿಟ್ಟುಸಿರು ಬಿಟ್ಟು ಏಳಹೋದ. ಸಯಾಮಾ ಅವನ ಮುಖ ನೋಡಿ, "ಆತುರ ಬೇಡ, ಕೂತ್ಕೋ" ಎಂದಳು.

ಅವಳ ಹತ್ತಿರ ಒಂದು ಭೂತಗನ್ನಡಿ, ಒಂದು ಬೆಂಕಿಕಡ್ಡಿ ಇದ್ದವು. ಕಡ್ಡಿಯ ತುದಿಯಿಂದ ತೋರಿಸುತ್ತಾ ಹೋದಳು. ಕಿರುಬೆರಳ ಬುಡದಲ್ಲಿರುವ ಉಬ್ಬು ಬುಧಪರ್ವತ. ಅದರ ಕೆಳಗೆ ಅಂಗೈ ಅಂಚಿನಿಂದ ಹೊರಟು ಬೆರಳುಗಳ ಕಡೆ ಬಾಗಿ ಹೋಗುವುದು ಹೃದಯರೇಖೆ. ಎರಡರ ಮಧ್ಯದ ಜಾಗದಲ್ಲಿ, ಕೈಯ ಹೊರ ಅಂಚಿನಿಂದ ಒಳಕ್ಕೆ ಅಡ್ಡಲಾಗಿ ಬರುವುದೇ ವಿವಾಹರೇಖೆ.

"ವಯಸ್ಸು ಓದೋದು ಹೇಗೆ ಗೊತ್ತಾ? ಕೆಳಗಿಂದ ಮೇಲಕ್ಕೆ. ಹೃದಯರೇಖೆ ಹತ್ರ ಇದ್ರೆ ಚಿಕ್ಕ ವಯಸ್ಸು. ಬೆರಳಿನ ಬುಡದ ಹತ್ರ ಇದ್ರೆ ಮುದಿ ವಯಸ್ಸು. ಅರ್ಧಕ್ಕೆ ಬಂದ್ರೆ ಮೂವತ್ತರ ಆಚೆ ಈಚೆ. ಈಗ ನೋಡು, ಈ ಉದ್ದ ಗೆರೆ, ಆಳವಾಗಿ, ನೇರವಾಗಿ, ತುದಿ ಕವಲೊಡೆದಿಲ್ಲ, ಕೆಳಕ್ಕೆ ಇಳಿದು ಹೃದಯರೇಖೆ ಮುಟ್ಟಿಲ್ಲ. ಇದೇ ನಿನ್ನ ಗಂಡ. ಮದುವೆ ಯಾವಾಗ ಆಯ್ತು?"

"ಇಪ್ಪತ್ತೈದು ತುಂಬಿತ್ತು," ಎಂದಳು ಮ್ಯಾ ಯೀ.

"ಸರಿಯಾಗೇ ಇದೆ. ಇನ್ನೊಂದು, ಆ ಸಣ್ಣದು, ಎಲ್ಲಿದೆ? ಮೇಲಿದೆಯಾ, ಕೆಳಗಿದೆಯಾ?"

ಬಾ ಸೇನ್ ಬಗ್ಗಿ ನೋಡಿದ. "ಕೆಳಗೆ. ಹೃದಯರೇಖೆ ಹತ್ರಾನೇ."

"ಅಂದ್ರೆ ಮುಂದೆ ಬರೋದೋ, ಹಿಂದೆ ಆಗಿ ಹೋದದ್ದೋ?"

ಸಯಾಮಾ ಮ್ಯಾ ಯೀಯ ಬಲಗೈಯನ್ನೂ ತಿರುಗಿಸಿ ನೋಡಿದಳು. ಅಲ್ಲಿ ಉದ್ದ ಗೆರೆ ಒಂದೇ. ಸಣ್ಣದು ಇರಲಿಲ್ಲ.

"ಹೆಂಗಸಿಗೆ ಎಡಗೈ ಮೊದಲು ನೋಡೋದು ಸಂಪ್ರದಾಯ. ಆದ್ರೆ ಬಲಗೈ ನೋಡ್ದೆ ಬಾಯಿ ಬಿಡಬಾರ್ದು. ಎಡಗೈ ಮನಸ್ಸಲ್ಲಿದ್ದದ್ದು ಹೇಳುತ್ತೆ, ಬಲಗೈ ಬಾಳಲ್ಲಿ ನಡೆದದ್ದು ಹೇಳುತ್ತೆ. ಎಡಗೈಲಿ ಮಾತ್ರ ಇದ್ರೆ ಅದು ಮನಸ್ಸಿಗೆ ತಾಗಿ ಹೋದದ್ದು. ಇದಕ್ಕೆ ವಿವಾಹರೇಖೆ ಅಂತ ಹೆಸರಿಟ್ಟವರು ಯಾರೋ, ಅದರಿಂದಲೇ ಇಷ್ಟೆಲ್ಲ ರಾದ್ಧಾಂತ. ಇದು ಮಂಟಪ ತೋರ್ಸಲ್ಲ, ಮನಸ್ಸು ಅಂಟಿಕೊಂಡದ್ದು ತೋರ್ಸುತ್ತೆ, ಅಷ್ಟೇ. ಹೇಳಮ್ಮ ಹುಡುಗಿ, ಹದಿನಾರು ಹದಿನೇಳರಲ್ಲಿ ಯಾರು ಅವನು?"

ಮ್ಯಾ ಯೀಯ ಕಿವಿ ಕೆಂಪಾಯಿತು. ನನ್ನ ಕಡೆ ನೋಡಿದಳು. ನಾನು ಚಾವಣಿ ನೋಡಿದೆ.

"ಯಾರೂ ಇಲ್ಲ."

"ಮ್ಯಾ ಯೀ," ಎಂದ ಬಾ ಸೇನ್.

"ದೋಣಿಯಲ್ಲಿ ಟಿಕೆಟ್ ಹರೀತಿದ್ದ ಒಬ್ಬ. ಕೊಳಲು ಊದ್ತಿದ್ದ. ಮೂರು ತಿಂಗಳು ನಮ್ಮ ಕಟ್ಟೆಗೆ ಬಂದ, ಆಮೇಲೆ ಬರಲಿಲ್ಲ. ನಾನು ಅವನ ಹತ್ರ ಮಾತೂ ಆಡಿಲ್ಲ. ಸುಮ್ನೆ ಕಟ್ಟೆ ಮೇಲೆ ನಿಂತು..." ಅವಳು ಮುಖ ಮುಚ್ಚಿಕೊಂಡಳು. "ಹೆಸರೂ ಗೊತ್ತಿಲ್ಲ!"

ಬಾ ಸೇನ್ ಅವಳನ್ನೇ ನೋಡುತ್ತಿದ್ದ. ಅವನ ಬಾಯಿಯ ಒಂದು ಮೂಲೆ ಮೊದಲು ಅಲುಗಿತು, ಆಮೇಲೆ ಇನ್ನೊಂದು. ಎಷ್ಟೋ ದಿನದ ಮೇಲೆ ಅವನು ನಕ್ಕದ್ದನ್ನು ನಾನು ಕಂಡೆ.

"ಆ ಕೊಳಲಿನವನಿಗೋಸ್ಕರ ನಾನು ಕಾವಿ ಉಡೋಕೆ ಹೊರಟಿದ್ದೆನಾ?"

"ಹೌದು ಪೆದ್ದಪ್ಪಾ," ಎಂದಳು ಸಯಾಮಾ.

ಅಷ್ಟಕ್ಕೇ ಮುಗಿಯಲಿಲ್ಲ. ಅವನು ಮತ್ತೆ ಗಂಭೀರವಾಗಿ, "ಆ ನಾಲ್ಕು ಮಕ್ಕಳು?" ಎಂದ. ಸಯಾಮಾ ಭೂತಗನ್ನಡಿಯನ್ನು ಅವನ ಕೈಗೇ ಕೊಟ್ಟಳು.

"ಸಂತಾನರೇಖೆ ಅನ್ನೋದು ವಿವಾಹರೇಖೆ ಮೇಲೆ ನಿಂತಿರ್ಬೇಕು. ಬೇಲಿಯ ಮೇಲೆ ಹುಟ್ಟಿದ ಗಿಡದ ಥರ, ಬುಡ ಆ ಅಡ್ಡ ಗೆರೆಗೆ ಅಂಟಿರ್ಬೇಕು. ಅಂಚಿನ ಕಡೆಯಿಂದ ಒಳಕ್ಕೆ ಓದೋದು, ಮೊದಲನೇದು, ಎರಡನೇದು ಅಂತ. ಆಳವಾಗಿ ನೆಟ್ಟಗಿದ್ರೆ ಗಂಡು, ತೆಳ್ಳಗೆ ಓರೆಯಾಗಿದ್ರೆ ಹೆಣ್ಣು ಅಂತಾರೆ. ತುಂಡಾಗಿದ್ರೆ ನಿಲ್ಲದೆ ಹೋದ ಬಸಿರು ಅಂತಾರೆ. ಅಂತಾರೆ ಅಂದೆ, ಆಗುತ್ತೆ ಅನ್ನಲಿಲ್ಲ. ಈಗ ಹೇಳು, ಆ ನಾಲ್ಕರ ಬುಡ ಎಲ್ಲಿದೆ?"

ಬಾ ಸೇನ್ ಬಹಳ ಹೊತ್ತು ನೋಡಿದ. ಕೊಡೆಯ ಕಡ್ಡಿ ನೋಡಿ ಅಭ್ಯಾಸವಾದ ಕಣ್ಣು ಅವನದು. "ಮುಟ್ಟಿಲ್ಲ," ಎಂದ ಕೊನೆಗೆ. "ಗೆರೆ ಇತ್ತ ಮುಗಿದಿದೆ. ಆ ನಾಲ್ಕೂ ಅದರಾಚೆ, ಒಳಗಡೆ, ಉಂಗುರದ ಬೆರಳಿನ ಸಂದಿ ಕಡೆಗಿವೆ. ನಡುವೆ ಖಾಲಿ ಜಾಗ."

"ಅದು ಸಂತಾನ ಅಲ್ಲ. ಬುಧಪರ್ವತದ ಮೇಲೆ ಹಾಗೆ ಒತ್ತೊತ್ತಾಗಿ ನಿಂತ ಗೆರೆಗೆ ವೈದ್ಯರೇಖೆ ಅಂತಾರೆ. ರೋಗಿಗಳ ಮೈ ಮುಟ್ಟಿ ವಾಸಿ ಮಾಡೋರ ಗುರುತಂತೆ. ಆತುರದಲ್ಲಿ ನೋಡಿದೋರು ಇದನ್ನ ಮಕ್ಕಳು ಅಂತ ಎಣಿಸ್ತಾರೆ."

"ಹಾಗಾದ್ರೆ ನಾನು ವೈದ್ಯಳಾಗ್ಬೇಕಿತ್ತಾ?" ಎಂದಳು ಮ್ಯಾ ಯೀ. ಅವಳಿಗೆ ಆಗಲೇ ದನಿ ಮರಳಿ ಬಂದಿತ್ತು.

"ಈ ಗೆರೆ ನಾನು ಕಂಡ ಒಬ್ಬ ಕೋಳಿಕಳ್ಳನ ಕೈಲೂ ಇತ್ತು. ಸುಮ್ನಿರು."

ಬಾ ಸೇನ್ ತನ್ನ ಕೈಯನ್ನು ಮುಂದೆ ಚಾಚಿದ. "ನನ್ನದ್ರಲ್ಲಿ ಒಂದೂ ಇಲ್ಲವಂತೆ ಸಯಾಮಾ." ಅವನ ಅಂಗೈಯ ಹೊರ ಅಂಚು, ಕಿರುಬೆರಳಿಂದ ಮಣಿಕಟ್ಟಿನವರೆಗೆ, ಹಲಗೆಯ ಮೇಲೆ ಊರಿ ಊರಿ ದಪ್ಪ ಜಡ್ಡುಗಟ್ಟಿತ್ತು. ಬಿಸಿನೀರಲ್ಲಿ ನೆನೆದು ಅದು ಬೆಳ್ಳಗಾಗಿತ್ತು. ಸಯಾಮಾ ಅದರ ಮೇಲೆ ಉಗುರಿನಿಂದ ಟಕಟಕ ಬಡಿದಳು.

"ಇಲ್ಲಿ ಸಂತಾನ ಹಾಗಿರ್ಲಿ, ನಿನ್ನ ಹೆಂಡ್ತೀನೂ ಕಾಣಲ್ಲ. ಇದು ಕೈಯಲ್ಲಪ್ಪ, ಚಪ್ಪಲಿ ಅಟ್ಟೆ. ಜಡ್ಡಿನ ಮೇಲೆ ಓದೋಕಾಗಲ್ಲ. ಜಡ್ಡಿಲ್ಲದ ಗಂಡಸರ ಕೈಲೂ ಸಂತಾನರೇಖೆ ಕಾಣೋದು ಅಪರೂಪ. ಒಂಬತ್ತು ಮಕ್ಕಳ ಅಪ್ಪನ ಕೈ ನೋಡಿದೀನಿ, ನುಣ್ಣಗೆ ಹಾಲಿನ ಕೆನೆ ಇದ್ದ ಹಾಗಿತ್ತು." ಆಮೇಲೆ ನನ್ನ ಕಡೆ ತಿರುಗಿದಳು. "ಒನ್, ನಿನಗೆಷ್ಟು ಮಕ್ಕಳು?"

"ಐದು."

"ಕೈ ಕೊಡು."

ಪುಡಿ ಸವರಿ, ಒರೆಸಿ, ಭೂತಗನ್ನಡಿ ಹಿಡಿದಳು. ಅವಳು ನೋಡಿದಳು, ಮ್ಯಾ ಯೀ ನೋಡಿದಳು, ಬಾ ಸೇನ್ ನೋಡಿದ. ವಿವಾಹರೇಖೆಯ ಮೇಲೆ ಬುಡ ಊರಿ ನಿಂತದ್ದು ಎರಡೇ ಎರಡು.

"ಇನ್ನು ಮೂರು ಎಲ್ಲಿಂದ ಬಂತೇ?" ಎಂದಳು ಸಯಾಮಾ. "ಯಾವ ಮೂರನ್ನ ವಾಪಸ್ ಕಳಿಸ್ತೀಯ?"

"ಆ ಎರಡನೇ ಗಂಡುಮಗನ್ನ ಬೇಕಾದ್ರೆ ಈಗ್ಲೇ ಕಳಿಸ್ತೀನಿ," ಎಂದೆ. ಮ್ಯಾ ಯೀ ನಕ್ಕು ನಕ್ಕು ಚಾಪೆಯ ಮೇಲೆ ಒರಗಿದಳು.

ನಗು ನಿಂತ ಮೇಲೆ ಸಯಾಮಾ ಚುಟ್ಟಾ ಕೆಳಗಿಟ್ಟು ಮ್ಯಾ ಯೀಯ ಎಡಗೈಯನ್ನು ಮತ್ತೆ ತನ್ನ ತೊಡೆಯ ಮೇಲಿಟ್ಟುಕೊಂಡಳು. ಈಗ ಅವಳ ದನಿ ಬೇರೆಯಾಗಿತ್ತು.

"ನಿನ್ನ ಉದ್ದ ಗೆರೆ ಮೇಲೆ ಕೂದಲೆಳೆಯಂಥದ್ದು ಒಂದಿದೆ. ಇದೆ ಅಂದ್ರೆ ಇದೆ, ಇಲ್ಲ ಅಂದ್ರೆ ಇಲ್ಲ. ಮಗು ಆಗುತ್ತೆ ಅಂತ ನಾನು ಹೇಳಲ್ಲ. ಆಗಲ್ಲ ಅಂತಾನೂ ಹೇಳಲ್ಲ. ಏಳು ಗೆರೆ ಇಟ್ಕೊಂಡು ಸನ್ಯಾಸಿನಿ ಆದೋಳನ್ನ ಕಂಡಿದೀನಿ. ಒಂದೂ ಇಲ್ದೆ ಮೊಮ್ಮಕ್ಕಳನ್ನ ಎತ್ತಿದೋಳನ್ನ ಕಂಡಿದೀನಿ. ತಂಗಿ ಮಕ್ಕಳನ್ನ ಸಾಕಿದ ಹೆಂಗಸಿನ ಕೈಲೂ ಗೆರೆ ನೋಡಿದೀನಿ. ಗೆರೆ ಕೆಲವು ವರ್ಷಕ್ಕೆ ಹೊಸದಾಗಿ ಮೂಡುತ್ತೆ, ಇದ್ದದ್ದು ಅಳಿಸಿಹೋಗುತ್ತೆ. ಎರಡು ಜನರ ನಡುವೆ ಇರೋ ವಿಷಯ, ಒಂದು ಕೈ ಎಲ್ಲಾನೂ ಹೇಗೆ ಹೇಳೀತು? ಮಗು ಬೇಕು ಅಂತಿದ್ರೆ ಆಸ್ಪತ್ರೆ ಇದೆ, ಇಬ್ಬರೂ ಹೋಗಿ. ಅದು ನನ್ನ ಹತ್ರ ಕೇಳೋ ಪ್ರಶ್ನೆ ಅಲ್ಲ. ಗಂಡನ್ನ ಬಿಡ್ಬೇಕಾ ಅನ್ನೋದೂ ನನ್ನ ಹತ್ರ ಕೇಳೋ ಪ್ರಶ್ನೆ ಅಲ್ಲ. ಹೆಂಡ್ತೀನ ಒಂದು ಮಾತು ಕೇಳಿದ್ರೆ ಸಾಕಿತ್ತು."

ಕೊನೆಯ ಮಾತನ್ನು ಬಾ ಸೇನ್‌ಗೆ ಹೇಳಿದ್ದು. ಅವನು ತಲೆಯಾಡಿಸಿದ. ಆಮೇಲೆ, ನಮ್ಮೆಲ್ಲರ ಮುಂದೆಯೇ, ಹೆಂಡತಿಯನ್ನು ಕೇಳಿದ:

"ನಾನು ಇರಲಾ, ಹೋಗಲಾ?"

"ಆ ಹಲಗೆ ಮೇಲೆ ಹದಿಮೂರು ಕೊಡೆ ಅಂಟಿಲ್ಲದೆ ಬಿದ್ದಿವೆ," ಎಂದಳು ಮ್ಯಾ ಯೀ. "ಮಳೆ ಬಂತು. ಅದನ್ನ ಭಿಕ್ಷುಗಳು ಬಂದು ಬಳೀತಾರಾ?"

ಅವಳು ಹಾಗೆ ಗದರುತ್ತಲೇ ಅವನ ಜಡ್ಡುಗಟ್ಟಿದ ಕೈಯನ್ನು ಹಿಡಿದುಕೊಂಡಿದ್ದಳು. ಮನೆ ಮುಟ್ಟುವವರೆಗೂ ಬಿಡಲಿಲ್ಲ. ನಮ್ಮ ಕಡೆ ಗಂಡಹೆಂಡತಿ ಬೀದಿಯಲ್ಲಿ ಕೈ ಹಿಡಿದು ನಡೆಯುವ ರೂಢಿ ಇಲ್ಲ. ಜನ ನೋಡಿದರು. ನೋಡಲಿ ಎಂದು ನಾನೂ ಸುಮ್ಮನಿದ್ದೆ. ಅವರ ನಡುವೆ ನಡೆಯುವ ಕೆಲಸ ನನಗಿನ್ನು ಇರಲಿಲ್ಲ, ನಾನು ಹಿಂದೆ ಹಿಂದೆ ಬಂದೆ.

ಅಂಗಡಿಗೆ ಬಂದ ಕೂಡಲೇ ಬಾ ಸೇನ್ ಬೆಂಚಿನ ಮೇಲೆ ಕೂತು ಊಟ ಕೇಳಿದ. ಸಾರು ತಳ ಕಂಡಿತ್ತು. ಉಳಿದದ್ದನ್ನೆಲ್ಲ ಬಳಿದು ಹಾಕಿದೆ. ಬೇಳೆವಡೆ ಮುರಿದು ಹಾಕಿಕೊಂಡು, ನಿಂಬೆಹಣ್ಣು ಹಿಂಡಿಕೊಂಡು ಬೆವರು ಸುರಿಸುತ್ತಾ ಉಂಡ. ಮತ್ತೆ ಬಟ್ಟಲು ಚಾಚಿದ. ಮ್ಯಾ ಯೀ ಎದುರಿಗೆ ಕೂತು ನೋಡುತ್ತಿದ್ದವಳು ಸದ್ದಿಲ್ಲದೆ ಅತ್ತಳು, ಅಂಗಿಯ ತೋಳಿನಲ್ಲಿ ಮೂಗು ಒರೆಸಿಕೊಂಡಳು, ಆಮೇಲೆ, "ಹುಳದ ಕಷಾಯ ಕೆಲಸ ಮಾಡ್ತು ನೋಡಕ್ಕ" ಎಂದಳು.

ಆ ಸಂಜೆ ಅವನೇ ಮಠಕ್ಕೆ ಹೋಗಿ ಹಿರಿಯರಿಗೆ ಅಡ್ಡಬಿದ್ದು ಬಂದ. "ಹೆಂಡ್ತಿ ಒಪ್ಪಲಿಲ್ಲ ಭಂತೇ" ಎಂದನಂತೆ. ಹಿರಿಯರು ಅವನ ಮುಖ ನೋಡಿ, "ನಿನಗೆ ಬೇಜಾರಾದ ಹಾಗೆ ಕಾಣಲ್ಲವಲ್ಲ" ಎಂದರಂತೆ.

ಆಸ್ಪತ್ರೆಗೂ ಹೋದರು. ಇಬ್ಬರಲ್ಲೂ ದೋಷವಿಲ್ಲ ಎಂದರು. ಮಗುವೂ ಆಗಲಿಲ್ಲ. ಮೊದಮೊದಲು ಅವರು ತಿಂಗಳು ತಿಂಗಳು ಕಾದರೋ ಏನೋ ನನಗೆ ಗೊತ್ತಿಲ್ಲ. ಕಾಯುವುದು ಯಾವಾಗ ನಿಂತಿತೋ ಅದೂ ಗೊತ್ತಿಲ್ಲ. ನನಗೆ ಗೊತ್ತಿರುವುದು ಇಷ್ಟು: ಅವನು ಮತ್ತೆ ಸೊರಗಲಿಲ್ಲ. ಜಗಳ ಬಂದಾಗ, "ಹೋಗು, ನಿನ್ನ ಕೊಳಲಿನವನ ಹತ್ರ ಹೋಗು" ಎನ್ನುವಷ್ಟು ಬಾಯಿ ಬಂದಿತ್ತು. ಅವಳು, "ಹೆಸರು ಗೊತ್ತಿದ್ರೆ ಯಾವತ್ತೋ ಹೋಗ್ತಿದ್ದೆ" ಎನ್ನುವಳು. ಓಣಿಯೆಲ್ಲ ನಗುವುದು.

ಡೋ ಪ್ವಾ ಶಿನ್ ತೀರಿಕೊಂಡು ಬಹಳ ಕಾಲವಾಯಿತು. ಈಗ ಬಾ ಸೇನ್‌ನ ತಲೆಯೆಲ್ಲ ನರೆತಿದೆ, ಕಾವಿ ಉಡದೆಯೇ ಅರ್ಧ ಬೋಳಾಗಿದೆ. ನನ್ನ ಸೊಸೆ ಬಸುರಿಯಾದಾಗ ಯಾರೋ ಅವಳ ಕೈ ಹಿಡಿದು ಗಂಡೋ ಹೆಣ್ಣೋ ಎಂದು ಗೆರೆ ಹುಡುಕುತ್ತಿದ್ದರು. ಬಾ ಸೇನ್ ಅಂಟಿನ ಕುಂಚ ಹಿಡಿದುಕೊಂಡೇ ಎದ್ದು ಬಂದ. "ಬುಡ ಮುಟ್ಟಿದೆಯಾ ನೋಡಿ ಮೊದಲು," ಎಂದ. ಆಮೇಲೆ, "ಮುಟ್ಟಿದ್ರೂ ಅಷ್ಟೇ, ಮುಟ್ಟದಿದ್ರೂ ಅಷ್ಟೇ. ಮಗು ಬಂದ್ಮೇಲೆ ಅದರ ಮುಖ ನೋಡಿದ್ರೆ ಗೊತ್ತಾಗುತ್ತೆ ಬಿಡಿ" ಎಂದು ತನ್ನ ಹಲಗೆಗೆ ಹಿಂತಿರುಗಿ, ಬಿಸಿಲು ಇರುವಷ್ಟರಲ್ಲಿ ಕೊಡೆ ಒಣಗಲೆಂದು ಬೇಗ ಬೇಗ ಅಂಟು ಬಳಿಯತೊಡಗಿದ.